ಎರಡನೇ ವರ್ಷದ ರೆಸ್ಯೂಮೆಯಲ್ಲಿ ಒಂದು ಹಾಲಿನ ಡೇರಿ

ಹಾಸನ ಕಡೆಯ ಹಳ್ಳಿಯೊಂದರಿಂದ ಬಂದು ಕಂಪ್ಯೂಟರ್ ಸೈನ್ಸ್‌ನ ನಾಲ್ಕನೇ ಸೆಮಿಸ್ಟರ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಮೊದಲ ರೆಸ್ಯೂಮೆ ಸೀನಿಯರ್ ಒಬ್ಬರಿಂದ ಇಸಿದುಕೊಂಡ ಫೈಲು. ಹೆಸರು ಮಾತ್ರ ಬದಲಾಗಿದೆ. ಮೇಲೆ ನಾಲ್ಕು ಸಾಲಿನ ಜೀವನೋದ್ದೇಶ. ಕೆಳಗೆ ಸಿ, ಸಿ++, ಜಾವಾ, ಪೈಥಾನ್, ಎಂಎಸ್ ಆಫೀಸ್. ಆಮೇಲೆ ತಂದೆಯ ಹೆಸರು, ಹುಟ್ಟಿದ ದಿನಾಂಕ, ಹವ್ಯಾಸಗಳು. ಕೊನೆಗೆ 'ಮೇಲಿನ ವಿವರಗಳೆಲ್ಲ ಸತ್ಯ' ಎಂಬ ಘೋಷಣೆ, ಸಹಿ.

ಅವಳು ರಜೆಯಲ್ಲಿ ಊರಿಗೆ ಹೋದಾಗ ಮಾಡಿದ ಒಂದು ಕೆಲಸ ಈ ಹಾಳೆಯಲ್ಲಿ ಎಲ್ಲೂ ಇಲ್ಲ. ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಪ್ರತಿಯೊಬ್ಬರ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದಿಟ್ಟ ಪುಸ್ತಕ ನೋಡಿ, ಬಟವಾಡೆಯ ಲೆಕ್ಕ ಹಾಕುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಿದ್ದಳು. ಅದು ಕಾಲೇಜಿನ ಪ್ರಾಜೆಕ್ಟ್ ಅಲ್ಲ, ಮಾರ್ಕ್ಸೂ ಇಲ್ಲ ಎಂದು ಬಿಟ್ಟುಬಿಟ್ಟಳು.

ರೆಸ್ಯೂಮೆಯ ಮೇಲ್ಭಾಗಕ್ಕೆ ಬರಬೇಕಾದದ್ದು ಅದೇ. 'ಪೈಥಾನ್ ಗೊತ್ತು' ಎಂದು ನೂರು ಮಂದಿ ಬರೆಯುತ್ತಾರೆ. '60 ಸದಸ್ಯರ ಡೇರಿಗೆ 15 ದಿನಗಳ ಬಟವಾಡೆ ಲೆಕ್ಕ ಹಾಕುವ ಪ್ರೋಗ್ರಾಂ. ದರಪಟ್ಟಿ ಬೇರೆ ಫೈಲಿನಲ್ಲಿದೆ, ದರ ಬದಲಾದರೆ ಕೋಡ್ ಮುಟ್ಟಬೇಕಿಲ್ಲ' ಎಂದು ಬರೆದರೆ ಓದುವ ಎಂಜಿನಿಯರ್ ಅಲ್ಲಿ ನಿಲ್ಲುತ್ತಾರೆ. ಯಾರಿಗಾಗಿ, ಏನು, ಹೇಗೆ ಎಂಬ ಮೂರೂ ಆ ಸಾಲಿನಲ್ಲಿವೆ. ಕೋಡನ್ನು ಗಿಟ್‌ಹಬ್‌ನಲ್ಲಿಟ್ಟು, ಓಡಿಸುವುದು ಹೇಗೆಂದು ಹತ್ತು ಸಾಲು ಬರೆದು, ಸದಸ್ಯರ ನಿಜವಾದ ಹೆಸರು ತೆಗೆದು, ಕೊಂಡಿಯನ್ನು ರೆಸ್ಯೂಮೆಯಲ್ಲಿ ಕೊಟ್ಟರೆ ಸಾಕು. ತಂದೆಯ ಹೆಸರು, ಹವ್ಯಾಸ, ಘೋಷಣೆ ಎಲ್ಲ ಹೋಗಲಿ. ಒಂದೇ ಪುಟ ಇರಲಿ.

ಭಾಷೆಗಳ ಪಟ್ಟಿಯನ್ನೂ ಕತ್ತರಿಸಬೇಕು. ಬರೆದದ್ದನ್ನೆಲ್ಲ ಕೇಳುತ್ತಾರೆ. ಲ್ಯಾಬ್‌ನಲ್ಲಿ ಆರು ಪ್ರೋಗ್ರಾಂ ಟೈಪ್ ಮಾಡಿದ್ದಕ್ಕೆ ಜಾವಾ ಸೇರಿಸಿಕೊಂಡವರು ಇಂಟರ್‌ಫೇಸ್ ಎಂದರೇನು ಎಂಬ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ. ಆಮೇಲೆ, ಚೆನ್ನಾಗಿ ಗೊತ್ತಿರುವ ಪೈಥಾನ್ ಮೇಲೂ ಕೇಳುವವರಿಗೆ ನಂಬಿಕೆ ಉಳಿಯುವುದಿಲ್ಲ.

ಇನ್ನು ಹುಡುಕುವ ಜಾಗ. ದೊಡ್ಡ ಕಂಪನಿಗಳ ಬಹುಪಾಲು ಇಂಟರ್ನ್‌ಶಿಪ್‌ಗಳು ಮೂರನೇ ವರ್ಷದವರ ಮೇಲೆ ಕಣ್ಣಿಟ್ಟಿರುತ್ತವೆ. ಗೂಗಲ್‌ನ ಸ್ಟೆಪ್‌ನಂತೆ ಎರಡನೇ ವರ್ಷದವರಿಗೆಂದೇ ಇರುವವು ಕೆಲವೇ. ಅಲ್ಲಿ ಪೈಪೋಟಿ ಭಾರಿ. ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್, ಇಂಟರ್ನ್‌ಶಾಲಾ ಎಲ್ಲರಿಗೂ ಗೊತ್ತಿರುವ ದಾರಿಗಳು.

ಹಲವರ ಕಣ್ಣಿಗೆ ಬೀಳದೆ ಹೋಗುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ ಮಾಡುತ್ತಾರೆ, ಸ್ಟೈಪೆಂಡ್ ಕೂಡ ಇದೆ. ತೊಡಕಿರುವುದು ತಾರೀಖಿನಲ್ಲಿ: ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಎಚ್ಚೆತ್ತವರಿಗೆ ಆ ವರ್ಷ ಸಿಗುವುದಿಲ್ಲ. ಪರಿಚಯವಿರುವ ಅಧ್ಯಾಪಕರ ಶಿಫಾರಸು ಪತ್ರವೂ ಬೇಕಾಗುವುದರಿಂದ ಅವರನ್ನು ಅಕ್ಟೋಬರ್‌ನಲ್ಲೇ ಕೇಳಿಟ್ಟುಕೊಳ್ಳುವುದು ಲೇಸು.

ಅದು ತಪ್ಪಿದರೆ ಉಳಿಯುವುದು ಸಣ್ಣ ಸಂಸ್ಥೆಗಳು. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಹತ್ತಿಪ್ಪತ್ತು ಜನರ ಸಾಫ್ಟ್‌ವೇರ್ ಕಚೇರಿಗಳಿವೆ. ಅವು ಜಾಹೀರಾತು ಕೊಡುವುದು ಅಪರೂಪ. ಅಲ್ಲಿಗೆ ನೇರ ಇ-ಮೇಲ್ ಕಳಿಸಬೇಕು. ಡೇರಿಯ ಹುಡುಗಿಗೆ ಹೊಂದುವುದು ಬಿಲ್ಲಿಂಗ್ ಅಥವಾ ಕೃಷಿ ಸಾಫ್ಟ್‌ವೇರ್ ಮಾಡುವ ಕಚೇರಿ. ಐದು ಸಾಲು ಸಾಕು: ತಾನು ಯಾರು, ಅವರ ಉತ್ಪನ್ನದಲ್ಲಿ ಏನು ನೋಡಿದೆ, ಡೇರಿ ಪ್ರೋಗ್ರಾಂನ ಕೊಂಡಿ, ಯಾವ ತಾರೀಖಿನಿಂದ ಎಷ್ಟು ವಾರ ಬಿಡುವಿದೆ, ಫೋನ್ ನಂಬರ್. ಒಂದೇ ಪತ್ರವನ್ನು ಐವತ್ತು ಕಡೆಗೆ ಹಂಚುವುದಕ್ಕಿಂತ ಹತ್ತು ಕಡೆಗೆ ಹತ್ತು ಬೇರೆ ಪತ್ರ ಬರೆಯುವುದು ಮೇಲು. ವಾರವಾದರೂ ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಬಹುದು.

ಈ ಹುಡುಕಾಟದ ನಡುವೆಯೇ ವಾಟ್ಸ್ಯಾಪ್‌ನಲ್ಲಿ ಸುಲಭದ ಆಹ್ವಾನಗಳು ಬರುತ್ತವೆ. ಸಂದರ್ಶನವಿಲ್ಲದೆ ಆಫರ್ ಲೆಟರ್, ಅದನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳಬೇಕೆಂಬ ಷರತ್ತು, ಎಲ್ಲರಿಗೂ ಅದೇ ಕ್ಯಾಲ್ಕುಲೇಟರ್ ಮಾಡುವ ಟಾಸ್ಕ್, ಕೊನೆಗೆ ಸರ್ಟಿಫಿಕೇಟ್‌ಗೆ ಶುಲ್ಕ. 'ನನ್ನ ಕೆಲಸವನ್ನು ದಿನವೂ ಯಾರು ನೋಡುತ್ತಾರೆ, ಅವರ ಹೆಸರೇನು?' ಎಂದು ಕೇಳಿದರೆ ಇಂಥವರ ಬಳಿ ಉತ್ತರವಿರುವುದಿಲ್ಲ. ದುಡ್ಡು ಕೊಟ್ಟು ಪಡೆದದ್ದು ಇಂಟರ್ನ್‌ಶಿಪ್ ಅಲ್ಲ, ಕೋರ್ಸ್. ಕೋರ್ಸಾಗಿಯೂ ಅದು ದಂಡ.

ಒಪ್ಪಿಗೆ ಸಿಕ್ಕ ಮೇಲೂ ಕಾಲೇಜಿನ ಎನ್‌ಒಸಿಯನ್ನು ಬಹಳ ಕಡೆ ಕೇಳುತ್ತಾರೆ. ವಿಭಾಗದ ಮುಖ್ಯಸ್ಥರ ಸಹಿಗೆ ಪರೀಕ್ಷೆ ಶುರುವಾಗುವ ಮೊದಲೇ ಹೋಗಬೇಕು. ಆಮೇಲೆ ರಜೆ, ಅವರು ಸಿಗುವುದು ಕಷ್ಟ.