ಮನೆಗೆಂದು ಕೊಟ್ಟ ಫ್ಲಾಟಿನಲ್ಲಿ ವ್ಯಾಪಾರ: ನೋಟಿಸಿನ ಒಳಲೆಕ್ಕ

ಬೆಂಗಳೂರಿನ ಬಾಡಿಗೆ ಕರಾರು ಪತ್ರಗಳಲ್ಲಿ ಐದನೆಯದೋ ಆರನೆಯದೋ ಷರತ್ತಾಗಿ ಒಂದು ಸಾಲು ತಪ್ಪದೆ ಇರುತ್ತದೆ: ಬಾಡಿಗೆದಾರರು ಈ ಮನೆಯನ್ನು ವಾಸಕ್ಕೆ ಮಾತ್ರ ಬಳಸತಕ್ಕದ್ದು. ಸಹಿ ಹಾಕುವ ದಿನ ಎರಡೂ ಕಡೆಯವರು ಅದನ್ನು ಓದುವುದು ಅಪರೂಪ. ಮಾಲೀಕರಿಗೆ ಆ ಸಾಲಿನ ನೆನಪಾಗುವುದು ಸಾಮಾನ್ಯವಾಗಿ ಅಪಾರ್ಟ್‌ಮೆಂಟಿನ ಸಂಘದಿಂದ ದೂರು ಬಂದ ಮೇಲೆ, ಇಲ್ಲವೇ ವಿದ್ಯುತ್ ಬಿಲ್ಲು ಏರಿದ ಮೇಲೆ. ಆಗ ವಕೀಲರ ಕಚೇರಿಯಿಂದ ಒಂದು ನೋಟಿಸು ಹೊರಡುತ್ತದೆ. ಆ ನೋಟಿಸು ನ್ಯಾಯಾಲಯದಲ್ಲಿ ನಿಲ್ಲುತ್ತದೋ ಬೀಳುತ್ತದೋ ಎಂಬುದು ಈ ಸಾಲೊಂದರಿಂದ ತೀರ್ಮಾನವಾಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡಿದರೆ ವಿಷಯ ಸುಲಭವಾಗುತ್ತದೆ. ಎರಡು ಬೆಡ್‌ರೂಮಿನ ಫ್ಲಾಟು, ತಿಂಗಳಿಗೆ 22,000 ರೂಪಾಯಿ ಬಾಡಿಗೆ, ಎರಡು ಲಕ್ಷ ಅಡ್ವಾನ್ಸು. ಕರಾರು 2025ರ ಜೂನ್ 1ರಿಂದ ಹನ್ನೊಂದು ತಿಂಗಳಿಗೆ, ಅಂದರೆ 2026ರ ಏಪ್ರಿಲ್ 30ರವರೆಗೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು; ಹನ್ನೊಂದು ತಿಂಗಳೆಂಬ ವಾಡಿಕೆ ಹುಟ್ಟಿದ್ದು ಅದನ್ನು ತಪ್ಪಿಸಲು. ಬಾಡಿಗೆಗೆ ಬಂದ ಕುಟುಂಬ ನಾಲ್ಕು ತಿಂಗಳಲ್ಲಿ ಊಟದ ಡಬ್ಬಿಯ ವ್ಯಾಪಾರ ಶುರುಮಾಡಿತು. ಮೊದಲು ಹತ್ತು ಡಬ್ಬಿ, ಆಮೇಲೆ ಎಂಬತ್ತು. ಅಡುಗೆಗೆ ಇಬ್ಬರು ಆಳು, ಬಾಲ್ಕನಿಯಲ್ಲಿ ದೊಡ್ಡ ಒಲೆ, ಹನ್ನೆರಡು ಗಂಟೆಗೆ ಲಿಫ್ಟಿನ ಮುಂದೆ ಡೆಲಿವರಿ ಹುಡುಗರ ಸಾಲು. ಒಗ್ಗರಣೆಯ ಘಾಟು ಮೇಲಿನ ಮನೆಯವರ ಒಣಗಿದ ಬಟ್ಟೆಗೂ ಹತ್ತಿತು.

ಇಲ್ಲಿ ಅನ್ವಯಿಸುವ ಕಾನೂನು ಯಾವುದು ಎಂಬುದು ಮೊದಲ ಪ್ರಶ್ನೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆ ದರದಲ್ಲಿ ಇಂದು ಬೆಂಗಳೂರಿನಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ. ಹಾಗಾಗಿ ನಗರದ ಬಹುತೇಕ ಫ್ಲಾಟುಗಳ ವ್ಯವಹಾರ ಹೋಗಿ ನಿಲ್ಲುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮುಂದೆ. ಅದರ 108ನೇ ಕಲಂ ಬಾಡಿಗೆದಾರರ ಕರ್ತವ್ಯಗಳನ್ನು ಹೇಳುವಾಗ, ಯಾವ ಉದ್ದೇಶಕ್ಕೆ ಸ್ವತ್ತನ್ನು ಪಡೆದರೋ ಅದಕ್ಕೆ ಹೊರತಾಗಿ ಬಳಸಬಾರದು ಎನ್ನುತ್ತದೆ. ಕರಾರಿನಲ್ಲಿ ಷರತ್ತು ಬರೆಯದಿದ್ದರೂ ಈ ಕರ್ತವ್ಯ ಇದ್ದೇ ಇರುತ್ತದೆ.

ಆದರೆ ಕರ್ತವ್ಯ ತಪ್ಪಿದ ಮಾತ್ರಕ್ಕೆ ಗುತ್ತಿಗೆ ಮುಗಿಯುವುದಿಲ್ಲ. ಹೆಚ್ಚಿನ ನೋಟಿಸುಗಳು ಎಡವುವುದು ಇಲ್ಲೇ. ಅವಧಿಗೆ ಮುಂಚೆ ಗುತ್ತಿಗೆ ರದ್ದಾಗಬೇಕಾದರೆ, ಷರತ್ತು ಮೀರಿದಲ್ಲಿ ಮಾಲೀಕರು ಮನೆಯನ್ನು ಮರಳಿ ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು ಎಂಬ ಮಾತು ಕರಾರಿನಲ್ಲೇ ಇರಬೇಕೆಂದು 111ನೇ ಕಲಂ ಬಯಸುತ್ತದೆ. ಸ್ಟಾಂಪ್ ಪೇಪರಿನ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗಳಲ್ಲಿ ‘ವಾಸಕ್ಕೆ ಮಾತ್ರ’ ಎಂಬ ಸಾಲಿರುತ್ತದೆ. ಮರುಸ್ವಾಧೀನದ ಸಾಲು ಅನೇಕ ಸಲ ಇರುವುದಿಲ್ಲ. ಅದು ಇಲ್ಲದಿದ್ದರೆ ಮಾಲೀಕರು ನಷ್ಟ ಕೇಳಬಹುದು, ವ್ಯಾಪಾರ ನಿಲ್ಲಿಸುವಂತೆ ತಡೆಯಾಜ್ಞೆ ಕೇಳಬಹುದು, ಆದರೆ ಹನ್ನೊಂದು ತಿಂಗಳು ತುಂಬುವ ಮುನ್ನ ಇದೇ ಕಾರಣ ಹೇಳಿ ಮನೆ ಖಾಲಿ ಮಾಡಿಸುವುದು ಕಷ್ಟ. ನೋಟಿಸು ಬರೆಯುವ ಮುನ್ನ ವಕೀಲರು ಕರಾರಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಎರಡನೆಯ ಸಾಲನ್ನು. ನಮ್ಮ ಉದಾಹರಣೆಯ ಕರಾರಿನಲ್ಲಿ ಅದು ಇದೆ ಎಂದುಕೊಳ್ಳೋಣ.

ಇದ್ದರೂ ನೇರವಾಗಿ ‘ಖಾಲಿ ಮಾಡಿ’ ಎನ್ನುವಂತಿಲ್ಲ. 114ಎ ಕಲಂ ನಡುವೆ ಒಂದು ಮೆಟ್ಟಿಲು ಇಟ್ಟಿದೆ. ಯಾವ ತಪ್ಪು ನಡೆದಿದೆ ಎಂಬುದನ್ನು ಬರಹದಲ್ಲಿ ನಿರ್ದಿಷ್ಟವಾಗಿ ಹೇಳಬೇಕು. ಅದು ಸರಿಪಡಿಸಬಹುದಾದ ತಪ್ಪಾದರೆ ಸರಿಪಡಿಸಿ ಎಂದು ಕೇಳಬೇಕು. ಅದಕ್ಕೆ ತಕ್ಕಷ್ಟು ಸಮಯ ಕೊಡಬೇಕು. ಸರಿಪಡಿಸದಿದ್ದರೆ ಮಾತ್ರ ದಾವೆ. ಮನೆಯಲ್ಲಿ ನಡೆಸುವ ವ್ಯಾಪಾರ ನಿಲ್ಲಿಸಬಹುದಾದದ್ದು, ಹಾಗಾಗಿ ಅದು ಸರಿಪಡಿಸಬಹುದಾದ ತಪ್ಪು. ಹೀಗೆ ನೋಟಿಸು ಎಂಬ ಒಂದೇ ಹೆಸರಿನಲ್ಲಿ ಎರಡು ಕಾಗದಗಳಿವೆ: ‘ನಿಲ್ಲಿಸಿ’ ಎನ್ನುವುದು ಒಂದು, ‘ಗುತ್ತಿಗೆ ರದ್ದಾಗಿದೆ, ಬಿಟ್ಟುಕೊಡಿ’ ಎನ್ನುವುದು ಇನ್ನೊಂದು. ಎರಡನ್ನೂ ಒಂದರಲ್ಲೇ ಸೇರಿಸಿ ಬರೆಯುವ ರೂಢಿಯೂ ಇದೆ. ಬೇರೆ ಬೇರೆಯಾಗಿ ಕಳಿಸಿದರೆ ವಾದಕ್ಕೆ ಎಡೆ ಕಡಿಮೆ.

ಮೊದಲ ನೋಟಿಸಿನ ಜೀವ ಇರುವುದು ವಿವರದಲ್ಲಿ. ‘ನೀವು ಕರಾರಿನ ಷರತ್ತುಗಳನ್ನು ಉಲ್ಲಂಘಿಸಿದ್ದೀರಿ’ ಎಂದಷ್ಟೇ ಬರೆದರೆ ಏನನ್ನು ಸರಿಪಡಿಸಬೇಕೆಂದು ಓದುವವರಿಗೆ ತಿಳಿಯುವುದಿಲ್ಲ, ಹಾಗಾಗಿ ಕಾನೂನಿನ ಅಗತ್ಯ ಪೂರೈಸುವುದಿಲ್ಲ. ನಿಲ್ಲುವ ನೋಟಿಸು ಹೀಗಿರುತ್ತದೆ: ‘1-6-2025ರ ಕರಾರಿನ 6ನೇ ಷರತ್ತಿನಂತೆ ಫ್ಲಾಟು ವಾಸಕ್ಕೆ ಮಾತ್ರ. ತಾವು ಅಕ್ಟೋಬರ್ ತಿಂಗಳಿಂದ ಅಡುಗೆಮನೆ ಹಾಗೂ ಬಾಲ್ಕನಿಯಲ್ಲಿ ಮಾರಾಟಕ್ಕಾಗಿ ಊಟ ತಯಾರಿಸುತ್ತಿದ್ದೀರಿ, ಇಬ್ಬರನ್ನು ಕೆಲಸಕ್ಕಿಟ್ಟಿದ್ದೀರಿ, ಈ ವಿಳಾಸದಲ್ಲಿ ಆಹಾರ ಸುರಕ್ಷತಾ ನೋಂದಣಿ ಪಡೆದಿದ್ದೀರಿ. ಈ ನೋಟಿಸು ತಲುಪಿದ 15 ದಿನದೊಳಗೆ ಇದನ್ನು ನಿಲ್ಲಿಸಿ, ಬಾಲ್ಕನಿಯ ಒಲೆ ತೆಗೆದು, ಲಿಖಿತವಾಗಿ ತಿಳಿಸತಕ್ಕದ್ದು.’ ತಿಂಗಳು, ಜಾಗ, ಕೆಲಸ, ಗಡುವು ಎಲ್ಲವೂ ಇದರಲ್ಲಿದೆ. ಬೈಗುಳ ಇಲ್ಲ. ಬೈಗುಳದಿಂದ ಕೇಸು ಗಟ್ಟಿಯಾದದ್ದು ಯಾರೂ ಕಂಡಿಲ್ಲ.

ಅದನ್ನು ತಲುಪಿಸುವ ಬಗೆಯೂ ಮುಖ್ಯ. ಖಾಲಿ ಮಾಡಲು ಹೇಳುವ ನೋಟಿಸು ಬರಹದಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲಿ ಹೋಗಬೇಕು ಅಥವಾ ಬಾಡಿಗೆದಾರರ ಕೈಗೋ ಮನೆಯವರ ಕೈಗೋ ಸೇರಬೇಕು, ಅದು ಸಾಧ್ಯವಾಗದಿದ್ದರೆ ಬಾಗಿಲಿಗೆ ಅಂಟಿಸಬಹುದು ಎಂದು 106ನೇ ಕಲಂ ಹೇಳುತ್ತದೆ. ವಾಟ್ಸಾಪಿನಲ್ಲಿ ಒಂದು ಫೋಟೋ ಹಾಕಿ ಸುಮ್ಮನಾದರೆ ಸಾಲದು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಂದಿಗೆ ಸೇರಿಸಿರುವುದರಿಂದ ಈಗ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟೇ ರೂಢಿ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ಲಕೋಟೆ ಮರಳಿ ಬಂದರೆ ನೋಟಿಸು ತಲುಪಿದೆ ಎಂದೇ ನ್ಯಾಯಾಲಯಗಳು ಸಾಮಾನ್ಯವಾಗಿ ಎಣಿಸುತ್ತವೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಬೇಕು.

ದಿನಗಳ ಲೆಕ್ಕ ನೋಟಿಸಿನ ಮೇಲಿನ ತಾರೀಖಿನಿಂದಲ್ಲ, ತಲುಪಿದ ದಿನದಿಂದ. ಮೊದಲ ನೋಟಿಸು ಜನವರಿ 5ರಂದು ಹೊರಟು 8ರಂದು ತಲುಪಿತು. ಗಡುವು 23ಕ್ಕೆ ಮುಗಿಯಿತು. 24ರಂದೂ ಡಬ್ಬಿಗಳು ಇಳಿಯುತ್ತಿದ್ದವು, ಸಂಘದ ಕ್ಯಾಮೆರಾದಲ್ಲಿ ಅದು ದಾಖಲಾಯಿತು. ಗುತ್ತಿಗೆ ರದ್ದುಪಡಿಸಿದ ಎರಡನೆಯ ನೋಟಿಸು 30ರಂದು ತಲುಪಿ, ಖಾಲಿ ಮಾಡಲು ಕೊಟ್ಟ 15 ದಿನ ಫೆಬ್ರವರಿ 14ಕ್ಕೆ ತೀರಿತು. ದಾವೆ ಹೂಡುವ ಬಾಗಿಲು ತೆರೆದದ್ದು ಆಮೇಲೆ.

ಈ ನಡುವೆ ಮಾಲೀಕರ ಕೈಯಿಂದ ಸುಲಭವಾಗಿ ಆಗುವ ತಪ್ಪೊಂದಿದೆ. ಷರತ್ತು ಮುರಿದದ್ದು ಗೊತ್ತಿದ್ದೂ ನಂತರದ ತಿಂಗಳ ಬಾಡಿಗೆಯನ್ನು ಸುಮ್ಮನೆ ಪಡೆದರೆ, ತಪ್ಪನ್ನು ಮನ್ನಿಸಿದಂತೆ ಎಂದು 112ನೇ ಕಲಂ ಹೇಳುತ್ತದೆ. ಹಿಂದೆ ರಸೀದಿ ಹರಿಯುವಾಗ ಕೈ ತಡೆಯುತ್ತಿತ್ತು. ಈಗ ಒಂದನೇ ತಾರೀಖು ಬಾಡಿಗೆ ತಾನಾಗಿ ಖಾತೆಗೆ ಬಿದ್ದುಬಿಡುತ್ತದೆ. ಬಾಡಿಗೆದಾರರ ವಕೀಲರು ಬ್ಯಾಂಕಿನ ಸ್ಟೇಟ್‌ಮೆಂಟನ್ನೇ ಮುಂದಿಡುತ್ತಾರೆ. ಹಣವನ್ನು ವಾಪಸು ಕಳಿಸುವುದು ಒಂದು ದಾರಿ; ಸ್ಥಳದ ಬಳಕೆಗಾಗಿ, ಹಕ್ಕಿಗೆ ಧಕ್ಕೆಯಿಲ್ಲದಂತೆ ಪಡೆದಿದ್ದೇವೆಂದು ಕೂಡಲೇ ಬರೆದು ತಿಳಿಸುವುದು ರೂಢಿಯಲ್ಲಿರುವ ಇನ್ನೊಂದು. ದಾವೆ ಹೂಡಿದ ಮೇಲೆ ಪಡೆದ ಬಾಡಿಗೆಯಿಂದ ಈ ತೊಂದರೆ ಇಲ್ಲ.

ಬಾಡಿಗೆದಾರರ ಕಡೆಗೂ ಗಟ್ಟಿ ಉತ್ತರಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮಾಲೀಕರದೇ ಸಹಿ. ಜಿಎಸ್‌ಟಿ ನೋಂದಣಿಗೆ ವ್ಯವಹಾರದ ಸ್ಥಳದ ಪುರಾವೆ ಬೇಕು, ಅದಕ್ಕೆಂದು ಬಾಡಿಗೆದಾರರು ಮಾಲೀಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದುಂಟು. ‘ಈ ವಿಳಾಸದಲ್ಲಿ ವ್ಯವಹಾರ ನಡೆಸಲು ನನ್ನ ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಟ್ಟವರು ಆರು ತಿಂಗಳ ನಂತರ ಆಕ್ಷೇಪಿಸಿದರೆ ಆ ಕಾಗದವೇ ಅವರ ಬಾಯಿ ಮುಚ್ಚಿಸುತ್ತದೆ.

ಯಾವುದು ವ್ಯಾಪಾರ ಎಂಬ ಪ್ರಶ್ನೆ ಎರಡನೆಯ ಉತ್ತರ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕಂಪನಿಯ ಕೆಲಸ ಮಾಡುವವರು ಮನೆಯನ್ನು ಕಚೇರಿ ಮಾಡಿದಂತಾಗುವುದಿಲ್ಲ. ಸಂಜೆ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುವುದನ್ನೂ ಯಾವ ನ್ಯಾಯಾಧೀಶರೂ ಸುಲಭಕ್ಕೆ ಅಂಗಡಿ ಎನ್ನಲಾರರು. ನ್ಯಾಯಾಲಯಗಳು ನೋಡುವುದು ಮುಖ್ಯ ಬಳಕೆ ಯಾವುದು ಎಂದು. 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಸಂತ್ ರಾಮ್ ಪ್ರಕರಣ ಇದರ ತಲೆಕೆಳಗಾದ ರೂಪ. ಚಪ್ಪಲಿ ಹೊಲಿಯುವವರೊಬ್ಬರು ಪುಟ್ಟ ಅಂಗಡಿಯಲ್ಲೇ ಅಡುಗೆ ಮಾಡಿಕೊಂಡು ಕೆಲವು ರಾತ್ರಿ ಮಲಗುತ್ತಿದ್ದರು. ಅಷ್ಟಕ್ಕೇ ಅಂಗಡಿ ಮನೆಯಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಅದೇ ಅಳತೆಗೋಲಿನಲ್ಲಿ ಅಳೆದರೆ ಎಂಬತ್ತು ಡಬ್ಬಿ, ಇಬ್ಬರು ಆಳು, ಬಾಲ್ಕನಿಯ ಒಲೆ ಸಣ್ಣ ವಿಷಯವಲ್ಲ.

ಮಾಲೀಕರ ಆತುರಕ್ಕೂ ಕಾರಣವಿಲ್ಲದಿಲ್ಲ. ವಿದ್ಯುತ್ ಮೀಟರು ಹೆಚ್ಚಾಗಿ ಅವರ ಹೆಸರಿನಲ್ಲೇ ಇರುತ್ತದೆ. ಗೃಹಬಳಕೆಯ ಸಂಪರ್ಕವನ್ನು ವಾಣಿಜ್ಯಕ್ಕೆ ಬಳಸಿದ್ದು ತಪಾಸಣೆಯಲ್ಲಿ ಕಂಡರೆ, 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಅನ್ವಯಿಸುವ ದರದ ಎರಡು ಪಟ್ಟು ಲೆಕ್ಕ ಹಾಕಬಹುದು. ಎಂದಿನಿಂದ ಎಂದು ಪತ್ತೆಯಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ. ಬಾಡಿಗೆದಾರರು ಮನೆ ಬಿಟ್ಟುಹೋದ ಮೇಲೆ ಆ ಬಿಲ್ಲು ಬಂದರೆ ಮೊದಲು ಹುಡುಕುವುದು ಮಾಲೀಕರನ್ನು.

ಆದರೂ ನೀರಿನ ವಾಲ್ವು ತಿರುಗಿಸುವುದು, ಫ್ಯೂಸು ಕೀಳುವುದು, ಬೀಗ ಜಡಿಯುವುದು ಕಾನೂನಿನ ದಾರಿಯಲ್ಲ. ಹೀಗೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಯಾರದು ಮನೆ ಎಂಬ ಪ್ರಶ್ನೆಯೇ ಬರುವುದಿಲ್ಲ.

ನೋಟಿಸು ಕೈಸೇರಿದ ಬಾಡಿಗೆದಾರರಿಗೆ ಆ ಹದಿನೈದು ದಿನವೇ ಆಸ್ತಿ. ಗಡುವಿನೊಳಗೆ ಒಲೆ ತೆಗೆದು, ಆಳುಗಳನ್ನು ಬೇರೆ ಜಾಗಕ್ಕೆ ಕಳಿಸಿ, ನೋಂದಣಿಯ ವಿಳಾಸ ಬದಲಿಸಿ, ಫೋಟೋ ಸಹಿತ ಉತ್ತರ ಬರೆದರೆ ಆ ನೋಟಿಸಿನ ಆಧಾರದ ಮೇಲೆ ದಾವೆ ನಡೆಯದು. ಉತ್ತರ ಬರೆಯದೆ ಕೂತರೆ ಎರಡನೆಯ ನೋಟಿಸು ಬರುತ್ತದೆ. ಇನ್ನು ಏಪ್ರಿಲ್ 30ರ ಆಚೆಗೆ ಇಬ್ಬರಿಗೂ ಈ ಷರತ್ತಿನ ಗೊಡವೆಯೇ ಇಲ್ಲ: ಮಾಲೀಕರು ಹೊಸದಾಗಿ ಬಾಡಿಗೆ ಪಡೆದು ಮುಂದುವರಿಸದಿದ್ದರೆ, ಕರಾರಿನ ಅವಧಿ ತೀರಿದ್ದರಿಂದಲೇ ಗುತ್ತಿಗೆ ಮುಗಿಯುತ್ತದೆ. ಅದಕ್ಕೆ ನೋಟಿಸೂ ಬೇಕಾಗಿಲ್ಲ.