ಫೋಲ್ಡರ್ ಬದಲಾದರೆ ಫೈಲ್ ಯಾರ ಕೈಗೆ?

ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿ. ಲೆಕ್ಕದ ಕಚೇರಿ ಬಳ್ಳಾರಿಯಲ್ಲಿ, ಗೋದಾಮು ಕುರುಗೋಡಿನಲ್ಲಿ ಅಂದುಕೊಳ್ಳಿ. ದಾಖಲೆಗಳೆಲ್ಲ ಗೂಗಲ್ ಡ್ರೈವ್‌ನಲ್ಲಿವೆ. 'ಖರೀದಿ' ಫೋಲ್ಡರ್ ಗಿರಣಿ ಮ್ಯಾನೇಜರಿಗೆ ಮಾತ್ರ ಶೇರ್ ಆಗಿದೆ, 'ಗೋದಾಮು' ಫೋಲ್ಡರ್ ಅಲ್ಲಿನ ಸಿಬ್ಬಂದಿಗೆಲ್ಲ. ಖರೀದಿಯಲ್ಲಿರುವ ಭತ್ತದ ದರಪಟ್ಟಿಯನ್ನು ಬಳ್ಳಾರಿಯ ಲೆಕ್ಕಿಗರಿಗೆ ಬೇರೆಯಾಗಿ, ನೇರವಾಗಿ ಕೊಟ್ಟಿದೆ.

ಮಾಲೀಕರು ಆ ದರಪಟ್ಟಿಯನ್ನು ಎಳೆದು 'ಗೋದಾಮು' ಫೋಲ್ಡರಿಗೆ ಹಾಕಿದರು.

ಈಗ ಗೋದಾಮಿನವರೆಲ್ಲ ಅದನ್ನು ತೆರೆಯಬಹುದು. ಮ್ಯಾನೇಜರಿಗೆ ಮಾತ್ರ ತೆರೆಯುವುದಿಲ್ಲ! ಅವರ ಅನುಮತಿ ಬಂದಿದ್ದು ಹಳೆಯ ಫೋಲ್ಡರಿನಿಂದ, ಅದು ಅಲ್ಲೇ ಉಳಿಯಿತು. ಲೆಕ್ಕಿಗರಿಗೆ ಏನೂ ಬದಲಾಗಲಿಲ್ಲ, ಏಕೆಂದರೆ ಅವರ ಹೆಸರು ಫೈಲಿಗೇ ಅಂಟಿಕೊಂಡಿದೆ.

ಸರಿಸುವಾಗ ಡ್ರೈವ್ ಎಚ್ಚರಿಕೆ ತೋರಿಸುತ್ತದೆ, ದಯವಿಟ್ಟು ಅದನ್ನು ಓದಿ. ಓದದೆ ಒತ್ತಿದ್ದರೆ, ಫೈಲಿನ 'ಶೇರ್' ತೆರೆದು ಹೆಸರುಗಳ ಪಟ್ಟಿ ನೋಡಿ. ವಾಪಸ್ ಹಳೆಯ ಫೋಲ್ಡರಿಗೆ ಸರಿಸಿದರೆ ಮ್ಯಾನೇಜರಿಗೆ ಅನುಮತಿ ಮರಳುತ್ತದೆ, ಗೋದಾಮಿನವರದು ಹೋಗುತ್ತದೆ. ಆದರೆ ಅಷ್ಟರಲ್ಲಿ ಯಾರಾದರೂ ಡೌನ್‌ಲೋಡ್ ಮಾಡಿಕೊಂಡ ಪ್ರತಿಯನ್ನು ಹಿಂಪಡೆಯಲು ಆಗುವುದಿಲ್ಲ.

ಎರಡೂ ಫೋಲ್ಡರಿನಲ್ಲಿ ಫೈಲ್ ತಮ್ಮ ಕೈಗೆ ಸಿಗಬೇಕು ಅನ್ನುವುದಷ್ಟೇ ಮಾಲೀಕರ ಉದ್ದೇಶವಾಗಿದ್ದರೆ, ಫೈಲನ್ನು ಸರಿಸುವ ಬದಲು ಗೋದಾಮು ಫೋಲ್ಡರಿನಲ್ಲಿ ಅದರ ಶಾರ್ಟ್‌ಕಟ್ ಇಟ್ಟರೆ ಸಾಕಿತ್ತು. ಶಾರ್ಟ್‌ಕಟ್ ಕಂಡರೂ, ಅನುಮತಿ ಇಲ್ಲದವರಿಗೆ ಮೂಲ ಫೈಲ್ ತೆರೆಯುವುದಿಲ್ಲ.