ತಡವಾಗಿ ಬಂದ ಆಳಿನ ಲೆಕ್ಕ

ಒಬ್ಬ ಗಾರೆಯವನು ಒಂದು ಕಾಂಪೌಂಡ್ ಗೋಡೆಯನ್ನು ಒಬ್ಬನೇ 10 ದಿನದಲ್ಲಿ ಕಟ್ಟಿ ಮುಗಿಸುತ್ತಾನೆ. ಅದೇ ಗೋಡೆಗೆ ಹೊಸಬನೊಬ್ಬನಿಗೆ 40 ದಿನ ಬೇಕು. ಇಬ್ಬರೂ ಸೇರಿದರೆ ಎಷ್ಟು ದಿನ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ‘ಕೆಲಸ ಮತ್ತು ಕಾಲ’ ಎಂಬ ತಲೆಬರಹದ ಕೆಳಗೆ ಇಂಥ ಪ್ರಶ್ನೆಗಳು ಸಾಲುಸಾಲಾಗಿ ಸಿಗುತ್ತವೆ. ಅವಸರದಲ್ಲಿರುವವರು 10 ಮತ್ತು 40ರ ಸರಾಸರಿ 25 ಎಂದು ತೆಗೆದು, ಇಬ್ಬರಿದ್ದಾರಲ್ಲ ಎಂದು ಅದನ್ನು ಎರಡರಿಂದ ಭಾಗಿಸಿ, ಹನ್ನೆರಡೂವರೆ ದಿನ ಎಂದು ಬರೆದುಬಿಡುತ್ತಾರೆ. ಆ ಉತ್ತರವನ್ನು ಒಮ್ಮೆ ಗೋಡೆಯ ಮುಂದೆ ನಿಲ್ಲಿಸಿ ನೋಡಬೇಕು. ಮೊದಲನೆಯವನು ಒಬ್ಬನೇ ಇದ್ದಿದ್ದರೆ 10 ದಿನದಲ್ಲೇ ಕೆಲಸ ಮುಗಿಯುತ್ತಿತ್ತು. ನೆರವಿಗೆ ಇನ್ನೊಬ್ಬ ಬಂದ ಮೇಲೆ ಎರಡೂವರೆ ದಿನ ಹೆಚ್ಚಾಗುವುದು ಹೇಗೆ?

ದಿನಗಳನ್ನು ಕೂಡಿ ಭಾಗಿಸಲು ಹೊರಟದ್ದೇ ಇಲ್ಲಿನ ತಪ್ಪು. ಇಬ್ಬರು ಒಟ್ಟಿಗೆ ದುಡಿಯುವಾಗ ಕೂಡಿಕೊಳ್ಳುವುದು ಅವರ ದಿನಗಳಲ್ಲ, ಅವರು ಒಂದು ದಿನದಲ್ಲಿ ಮಾಡುವ ಕೆಲಸ. ಅನುಭವಿ ದಿನಕ್ಕೆ ಗೋಡೆಯ 1/10 ಭಾಗ ಕಟ್ಟುತ್ತಾನೆ, ಹೊಸಬ 1/40 ಭಾಗ. ಎರಡೂ ಸೇರಿ 5/40, ಅಂದರೆ 1/8. ದಿನಕ್ಕೆ ಎಂಟನೇ ಒಂದು ಭಾಗ ಏಳುವ ಗೋಡೆಗೆ ಬೇಕಾದದ್ದು 8 ದಿನ. ಹೊಸಬ ನಿಧಾನದವನಾದರೂ ಎರಡು ದಿನ ಉಳಿಸಿಕೊಟ್ಟ.

ಈ ಉಪಾಯ ತೀರಾ ಹಳೆಯದು. ಭಾಸ್ಕರಾಚಾರ್ಯ 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಇದೇ ಜಾತಿಯ ಲೆಕ್ಕವಿದೆ, ಅಲ್ಲಿ ದುಡಿಯುವುದು ಆಳುಗಳಲ್ಲ, ನೀರು. ನಾಲ್ಕು ಒರತೆಗಳು ಒಂದು ಕೊಳವನ್ನು ಬೇರೆ ಬೇರೆಯಾಗಿ ಒಂದು ದಿನ, ಅರ್ಧ ದಿನ, ದಿನದ ಮೂರನೇ ಒಂದು ಭಾಗ ಮತ್ತು ಆರನೇ ಒಂದು ಭಾಗದಲ್ಲಿ ತುಂಬಿಸುತ್ತವೆ. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ? ಮೊದಲನೆಯದು ದಿನಕ್ಕೆ ಒಂದು ಕೊಳ ತುಂಬಿಸಬಲ್ಲದು, ಉಳಿದವು ಎರಡು, ಮೂರು, ಆರು. ಒಟ್ಟು ದಿನಕ್ಕೆ ಹನ್ನೆರಡು ಕೊಳ. ಹಾಗಾಗಿ ಒಂದು ಕೊಳಕ್ಕೆ ದಿನದ ಹನ್ನೆರಡನೇ ಒಂದು ಭಾಗ, ಎಂದರೆ ಎರಡು ಗಂಟೆ ಸಾಕು.

ಒರತೆಗಳು ಒಟ್ಟಿಗೆ ಹರಿಯತೊಡಗುತ್ತವೆ. ಮನುಷ್ಯರು ಹಾಗೆ ಬರುವುದಿಲ್ಲ. ಒಬ್ಬರಿಗೆ ಮನೆಯಲ್ಲಿ ಜ್ವರದ ಮಗು, ಇನ್ನೊಬ್ಬರದು ಬೇರೆಯವರ ತೋಟದಲ್ಲಿ ಅರ್ಧಕ್ಕೆ ನಿಂತ ಕೆಲಸ. ಲೆಕ್ಕ ತೊಡಕಾಗುವುದೂ ಇಲ್ಲೇ. ಮಲೆನಾಡಿನ ಅಡಿಕೆ ಸುಲಿತವನ್ನೇ ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೊನೆ ಕೊಯ್ದು ಮನೆಗೆ ತಂದ ಹಸಿ ಅಡಿಕೆಯನ್ನು ಬಹಳ ದಿನ ರಾಶಿಯಲ್ಲಿ ಬಿಡುವಂತಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಹಾಗಾಗಿ ‘ಸುಲಿತ ಯಾವಾಗ ಮುಗಿಯುತ್ತದೆ’ ಎಂಬುದು ಆ ಮನೆಗಳಲ್ಲಿ ದಿನವೂ ಏಳುವ ಪ್ರಶ್ನೆ.

ಸುಲಿದ ಅಡಿಕೆ 60 ಡಬ್ಬಿ ಆಗುವಷ್ಟು ರಾಶಿ ಇದೆ ಎಂದುಕೊಳ್ಳೋಣ. ಮೆಟ್ಟುಗತ್ತಿಯ ಮುಂದೆ ಕೂರುವವರು ಮೂವರು. ಹಿರಿಯಕ್ಕ ದಿನಕ್ಕೆ 6 ಡಬ್ಬಿ ಸುಲಿಯುತ್ತಾಳೆ, ಪಕ್ಕದ ಮನೆಯ ಸೊಸೆ 5, ಕಾಲೇಜಿಗೆ ರಜೆಯೆಂದು ಬಂದ ಹುಡುಗ 4. ಒಬ್ಬೊಬ್ಬರೇ ಕೂತರೆ ಇಡೀ ರಾಶಿಗೆ 10, 12 ಮತ್ತು 15 ದಿನ ಬೇಕು. ಪರೀಕ್ಷೆಯ ಪ್ರಶ್ನೆಯಲ್ಲಿ ಡಬ್ಬಿಯ ಸಂಖ್ಯೆ ಇರುವುದಿಲ್ಲ, 10, 12, 15 ದಿನ ಎಂದಷ್ಟೇ ಇರುತ್ತದೆ. ಆಗ ಆ ಮೂರರ ಲ.ಸಾ.ಅ. ಆದ 60ನ್ನೇ ಒಟ್ಟು ಕೆಲಸವೆಂದು ಇಟ್ಟುಕೊಂಡರೆ ಭಿನ್ನರಾಶಿಯ ಕಾಟವಿಲ್ಲದೆ 6, 5, 4 ತಾವಾಗಿಯೇ ಸಿಗುತ್ತವೆ.

ಮೂವರೂ ಮೊದಲ ದಿನವೇ ಬಂದರೆ ದಿನಕ್ಕೆ 15 ಡಬ್ಬಿ, ನಾಲ್ಕು ದಿನಕ್ಕೆ ರಾಶಿ ಖಾಲಿ. ಆದರೆ ಮೊದಲ ದಿನ ಬಂದದ್ದು ಅಕ್ಕ ಮಾತ್ರ. ಸೊಸೆ ಒಂದು ದಿನ ಬಿಟ್ಟು ಬಂದಳು, ಹುಡುಗ ಎರಡು ದಿನ ಬಿಟ್ಟು. ದಿನದಿನದ ಲೆಕ್ಕ ಹೀಗೆ: ಮೊದಲ ದಿನ 6 ಡಬ್ಬಿ. ಎರಡನೇ ದಿನ ಇಬ್ಬರಿಂದ 11. ಅಲ್ಲಿಗೆ 17 ಆಯಿತು, ಉಳಿದದ್ದು 43. ಮೂರನೇ ದಿನದಿಂದ ಮೂವರೂ ಇರುವುದರಿಂದ 43ನ್ನು 15ರಿಂದ ಭಾಗಿಸಿದರೆ 2 ದಿನ ಮತ್ತು ಇನ್ನೊಂದು ದಿನದ 13/15 ಭಾಗ. ಮೊದಲ ಎರಡು ದಿನವನ್ನೂ ಸೇರಿಸಿದರೆ ನಾಲ್ಕು ದಿನ ತುಂಬಿ, ಐದನೇ ದಿನ ಹೆಚ್ಚುಕಡಿಮೆ ಏಳು ಗಂಟೆ ಕೂತರೆ ಸುಲಿತ ಮುಗಿಯುತ್ತದೆ. ದಿನಕ್ಕೆ ಎಂಟು ಗಂಟೆಯ ಕೆಲಸ ಎಂಬ ಲೆಕ್ಕದಲ್ಲಿ.

ಇದನ್ನೇ ಒಂದೇ ಸಾಲಿನಲ್ಲಿ ಮಾಡುವ ದಾರಿಯೂ ಇದೆ. ತಡವಾಗಿ ಬಂದವರೂ ಮೊದಲ ದಿನದಿಂದಲೇ ಇದ್ದರು ಎಂದು ಭಾವಿಸಬೇಕು. ಹಾಗಿದ್ದಿದ್ದರೆ ಸೊಸೆ ತಪ್ಪಿಸಿದ ಒಂದು ದಿನದಲ್ಲಿ 5 ಡಬ್ಬಿ, ಹುಡುಗ ತಪ್ಪಿಸಿದ ಎರಡು ದಿನದಲ್ಲಿ 8 ಡಬ್ಬಿ ಹೆಚ್ಚಿಗೆ ಸುಲಿಯುತ್ತಿದ್ದರು. ಆ 13 ಡಬ್ಬಿಯನ್ನು ರಾಶಿಗೇ ಸೇರಿಸಿ, 73 ಡಬ್ಬಿಯ ರಾಶಿಯನ್ನು ಮೂವರೂ ಮೊದಲಿಂದ ಸುಲಿದರು ಎಂದುಕೊಂಡರೆ ದಿನಗಳು ಬದಲಾಗುವುದಿಲ್ಲ. 73ನ್ನು 15ರಿಂದ ಭಾಗಿಸಿದರೆ ಬರುವುದು ಅದೇ 4 ದಿನ ಮತ್ತು 13/15 ಭಾಗ. ತಡವಾದ ದಿನಗಳನ್ನೆಲ್ಲ ಡಬ್ಬಿಗಳಾಗಿ ಬದಲಿಸಿದ್ದರಿಂದ ಯಾರು ಯಾವಾಗ ಬಂದರು ಎಂದು ಹಂತ ಹಂತವಾಗಿ ಎಣಿಸುವ ತಾಪತ್ರಯ ತಪ್ಪಿತು.

ಈ ಅಡ್ಡದಾರಿಗೆ ಒಂದು ಷರತ್ತು ಉಂಟು: ತಡವಾಗಿ ಬಂದವರು ಕೆಲಸ ಮುಗಿಯುವ ಮುನ್ನ ಬಂದಿರಬೇಕು. ಹುಡುಗ ಎರಡು ದಿನದ ಬದಲು ಆರು ದಿನ ಬಿಟ್ಟು ಬಂದ ಎನ್ನೋಣ. ಸೂತ್ರದಂತೆ ಹೋದರೆ 60ಕ್ಕೆ ಸೊಸೆಯ 5, ಹುಡುಗನ 24 ಸೇರಿ 89 ಡಬ್ಬಿ. 15ರಿಂದ ಭಾಗಿಸಿದರೆ ಆರು ದಿನಕ್ಕಿಂತ ಕೂದಲೆಳೆಯಷ್ಟು ಕಡಿಮೆ, 5.93 ದಿನ. ಆರು ದಿನ ಕಳೆದ ಮೇಲೆ ಬರುವವನು ಅದಕ್ಕೂ ಮೊದಲೇ ಮುಗಿದ ಕೆಲಸದಲ್ಲಿ ಪಾಲುಗೊಂಡಂತಾಯಿತು! ಬಂದ ಉತ್ತರ ಯಾರೊಬ್ಬರ ತಡಕ್ಕಿಂತ ಕಡಿಮೆಯಿದ್ದರೆ ಅವರನ್ನು ಲೆಕ್ಕದಿಂದ ಬಿಟ್ಟು ಮತ್ತೆ ಮಾಡಬೇಕು. ಹುಡುಗನನ್ನು ಬಿಟ್ಟರೆ 65ನ್ನು 11ರಿಂದ ಭಾಗಿಸಿ 5.91 ದಿನ. ಅವನು ಬರುವ ಹೊತ್ತಿಗೆ ಮೆಟ್ಟುಗತ್ತಿ ತೊಳೆದಿಟ್ಟಾಗಿರುತ್ತದೆ.

ದಿನದ ಕೆಲಸವನ್ನು ಹಿಡಿದು ಎಣಿಸಿದ್ದರ ಇನ್ನೊಂದು ಲಾಭ ಕೂಲಿ ಹಂಚುವಾಗ ಕಾಣುತ್ತದೆ. ಮೊದಲ ಕತೆಗೇ ಮರಳಿ, ಇಡೀ ಸುಲಿತಕ್ಕೆ 6,000 ರೂಪಾಯಿ ಎಂದು ಮಾತಾಗಿದೆ ಎಂದಿಟ್ಟುಕೊಂಡರೆ ಡಬ್ಬಿಗೆ 100 ರೂಪಾಯಿ ಬೀಳುತ್ತದೆ. ಅಕ್ಕ ಸುಲಿದದ್ದು 29.2 ಡಬ್ಬಿ, ಸೊಸೆ 19.33, ಹುಡುಗ 11.47, ಅವರ ಪಾಲು ಕ್ರಮವಾಗಿ 2,920, 1,933 ಮತ್ತು 1,147 ರೂಪಾಯಿ. ಇದರ ಬದಲು ಯಾರು ಎಷ್ಟು ದಿನ ಕೂತರು ಎಂದಷ್ಟೇ ನೋಡಿ ಹಂಚಿದರೆ 2,517, 2,000 ಮತ್ತು 1,483 ಆಗುತ್ತದೆ. ಸೊಸೆಯ ಪಾಲಿಗೆ ದೊಡ್ಡ ವ್ಯತ್ಯಾಸವಿಲ್ಲ. ಅಕ್ಕನಿಗೆ ಮಾತ್ರ 400 ರೂಪಾಯಿ ಖೋತಾ, ಅದರ ಬಹುಪಾಲು ಹೋಗುವುದು ಹುಡುಗನ ಜೇಬಿಗೆ. ಸುಲಿತದ ಕೂಲಿಯನ್ನು ಅಳತೆಯ ಮೇಲೆ ಕೊಡುವ ರೂಢಿ ಇರುವ ಕಡೆ ಈ ಜಗಳ ಹುಟ್ಟುವುದೇ ಇಲ್ಲ.

ಇಷ್ಟರವರೆಗೆ ಲೆಕ್ಕ ಒಂದು ಮಾತನ್ನು ಕೇಳದೆಯೇ ಒಪ್ಪಿಕೊಂಡು ಬಂದಿದೆ: ಪ್ರತಿಯೊಬ್ಬರ ವೇಗ ಮೊದಲಿಂದ ಕೊನೆಯವರೆಗೆ ಒಂದೇ, ಒಬ್ಬರು ಬಂದದ್ದರಿಂದ ಇನ್ನೊಬ್ಬರ ಕೆಲಸಕ್ಕೆ ಅಡ್ಡಿಯಿಲ್ಲ. ಮೂವರಿಗೂ ಬೇರೆ ಬೇರೆ ಮೆಟ್ಟುಗತ್ತಿ ಇದ್ದು, ಮೂವರಿಗೂ ಸುಲಿದು ರೂಢಿಯಿದ್ದರೆ ಇದು ಬಹುಮಟ್ಟಿಗೆ ನಿಜ. ಬಂದವನಿಗೆ ಕೆಲಸ ಕಲಿಸಬೇಕಾಗಿ ಬಂದರೆ ನಿಜವಲ್ಲ.

ಈ ಕಷ್ಟವನ್ನು ದೊಡ್ಡ ಪ್ರಮಾಣದಲ್ಲಿ ಕಂಡವರಲ್ಲಿ ಅಮೆರಿಕದ ಫ್ರೆಡ್ ಬ್ರೂಕ್ಸ್ ಒಬ್ಬರು. ಐಬಿಎಂ ಕಂಪನಿಯಲ್ಲಿ ಓಎಸ್/360 ಎಂಬ ಭಾರೀ ಸಾಫ್ಟ್‌ವೇರ್ ಕೆಲಸದ ಹೊಣೆ ಹೊತ್ತಿದ್ದ ಅವರು, 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಬರೆದರು. ಈಗಾಗಲೇ ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಎಂಬುದು ಅದರಲ್ಲಿನ ಹೆಸರಾಂತ ಮಾತು. ಹೊಸಬರು ಕೆಲಸ ಅರಿತುಕೊಳ್ಳುವವರೆಗೆ ಅವರಿಂದ ಬರುವುದು ಅಲ್ಪ. ಅವರಿಗೆ ತಿಳಿಸಿಹೇಳಲು ಹಳಬರು ತಮ್ಮ ಹೊತ್ತು ಬಿಡಬೇಕು. ಜನ ಹೆಚ್ಚಿದಂತೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವುದಕ್ಕೇ ಸಮಯ ಹೋಗುತ್ತದೆ.

ಬ್ರೂಕ್ಸ್ ಹೇಳಿದ್ದನ್ನು ಅಡಿಕೆ ರಾಶಿಯ ಮುಂದೆಯೂ ಪರೀಕ್ಷಿಸಬಹುದು, ದಿನದ ಕೆಲಸದ ಲೆಕ್ಕವನ್ನು ತುಸು ತಿದ್ದಿದರೆ ಸಾಕು. ಹುಡುಗನಿಗೆ ಸುಲಿತ ಗೊತ್ತಿಲ್ಲ ಎಂದುಕೊಳ್ಳೋಣ. ಬಂದ ದಿನ ಅರ್ಧ ಹೊತ್ತು ಅಕ್ಕ ತನ್ನ ಕೆಲಸ ನಿಲ್ಲಿಸಿ ಕಲಿಸುತ್ತಾಳೆ, ಆಮೇಲೆ ಅವನು ದಿನಕ್ಕೆ 4 ಡಬ್ಬಿಯ ವೇಗಕ್ಕೆ ಬರುತ್ತಾನೆ. ಆ ಅರ್ಧ ದಿನದಲ್ಲಿ ಅಕ್ಕನ 3, ಅವನ 2, ಒಟ್ಟು 5 ಡಬ್ಬಿ ನಷ್ಟ. ಹಿಂದಿನಂತೆಯೇ ಇದನ್ನೂ ರಾಶಿಗೆ ಸೇರಿಸಿಬಿಡಬಹುದು. ಎರಡು ದಿನ ಬಿಟ್ಟು ಬಂದರೆ 73ರ ಜಾಗದಲ್ಲಿ 78 ಡಬ್ಬಿ, 5.2 ದಿನ. ಅವನು ಬಾರದೇ ಇದ್ದಿದ್ದರೆ 5.91 ದಿನ ಹಿಡಿಯುತ್ತಿತ್ತು. ಕಲಿಸಿದ ಶ್ರಮ ಗಿಟ್ಟಿತು.

ಅವನು ಐದು ದಿನ ಬಿಟ್ಟು ಬಂದಿದ್ದರೆ ಕತೆಯೇ ಬೇರೆ. ಅಷ್ಟರಲ್ಲಿ 50 ಡಬ್ಬಿ ಸುಲಿದಾಗಿರುತ್ತದೆ, ಉಳಿದಿರುವುದು 10. ಅಕ್ಕ ಮತ್ತು ಸೊಸೆ ಇಬ್ಬರೇ ಇದನ್ನು 10/11 ದಿನದಲ್ಲಿ, ಅಂದರೆ ಸುಮಾರು ಏಳೂಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ಹುಡುಗನನ್ನು ಕೂರಿಸಿ ಕಲಿಸಲು ಹೊರಟರೆ 10ಕ್ಕೆ 5 ಸೇರಿ 15 ಡಬ್ಬಿಯ ಕೆಲಸವಾಗಿ, ಪೂರ್ತಿ ಎಂಟು ಗಂಟೆ ಬೇಕು. ಕೈ ಒಂದು ಹೆಚ್ಚಾಯಿತು, ಕೆಲಸ ಮುಕ್ಕಾಲು ಗಂಟೆ ತಡವಾಯಿತು.

ಹಾಗಾದರೆ ಯಾವ ಹಂತದವರೆಗೆ ಅವನನ್ನು ಕರೆದರೆ ಲಾಭ? ಉಳಿದ ಡಬ್ಬಿಗಳನ್ನು 11ರಿಂದ ಭಾಗಿಸಿದಾಗ ಬರುವ ದಿನವೂ, ಅದಕ್ಕೆ 5 ಕೂಡಿ 15ರಿಂದ ಭಾಗಿಸಿದಾಗ ಬರುವ ದಿನವೂ ಸಮವಾಗುವುದು 13.75 ಡಬ್ಬಿ ಉಳಿದಾಗ. 14 ಡಬ್ಬಿಗಿಂತ ಹೆಚ್ಚು ಉಳಿದಿದ್ದರೆ ಹುಡುಗನಿಗೆ ಮೆಟ್ಟುಗತ್ತಿ ಕೊಡಬಹುದು. ಅದಕ್ಕಿಂತ ಕಡಿಮೆ ಉಳಿದಿದ್ದರೆ ಅವನು ಸಿಪ್ಪೆ ಹೊತ್ತು ಹಾಕಲಿ, ಇಲ್ಲವೇ ಬೇಯಿಸುವ ಒಲೆಗೆ ಸೌದೆ ತರಲಿ; ಸುಲಿತ ಕಲಿಯುವುದನ್ನು ಮುಂದಿನ ಕೊಯ್ಲಿನ ಮೊದಲ ದಿನಕ್ಕೆ ಇಟ್ಟುಕೊಳ್ಳುವುದೇ ಲೇಸು.